0.1 ಆಗಬೇಕಿದ್ದದ್ದು 0.095 ಆದಾಗ: ಟೈಟ್ರೇಷನ್ ವರದಿಯಲ್ಲಿ ಚರ್ಚೆ ಬರೆಯುವ ಕ್ರಮ

ಟೈಟ್ರೇಷನ್ ಪ್ರಯೋಗದ ವರದಿಯಲ್ಲಿ ಲೆಕ್ಕ ಮುಗಿದ ಮೇಲೆ ಬರುವ ಭಾಗ ಚರ್ಚೆ. ಅಳೆದು ಕಂಡುಕೊಂಡ ಸಾರತೆ ನಿರೀಕ್ಷಿಸಿದ ಸಾರತೆಗೆ ಹೊಂದದಿದ್ದಾಗ ಈ ಭಾಗಕ್ಕೆ ಖಚಿತವಾದ ಕೆಲಸವಿದೆ. ವ್ಯತ್ಯಾಸ ಎಷ್ಟು, ಅದು ಉಪಕರಣಗಳ ಮಿತಿಯೊಳಗೇ ಇದೆಯೇ, ಇಲ್ಲವಾದರೆ ಎಲ್ಲಿಂದ ಬಂತು ಎಂಬುದನ್ನು ಪ್ರಯೋಗದಲ್ಲೇ ಸಿಕ್ಕ ಪುರಾವೆಯಿಂದ ತೋರಿಸಬೇಕು. ಅನೇಕ ರೆಕಾರ್ಡ್ ಪುಸ್ತಕಗಳಲ್ಲಿ ಈ ಜಾಗದಲ್ಲಿ ಕಾಣುವುದು ‘ಮಾನವ ದೋಷದಿಂದ ಹೀಗಾಗಿರಬಹುದು’ ಎಂಬ ಒಂದೇ ಸಾಲು. ಆ ಸಾಲು ಎಂಥ ಫಲಿತಾಂಶದ ಕೆಳಗೂ ಕೂರುತ್ತದೆ. ಆದ್ದರಿಂದಲೇ ಅದು ಯಾವ ಫಲಿತಾಂಶವನ್ನೂ ವಿವರಿಸುವುದಿಲ್ಲ.

ಪಿಯುಸಿ ಹಂತದಲ್ಲೇ ಮಾಡುವ ಪ್ರಯೋಗವೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 4.00 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್ ಗುಳಿಗೆಗಳನ್ನು ತೂಗಿ, ನೀರಿನಲ್ಲಿ ಕರಗಿಸಿ ಒಂದು ಲೀಟರ್ ದ್ರಾವಣ ಮಾಡಲಾಗಿದೆ. ನಿರೀಕ್ಷಿತ ಸಾರತೆ 0.100 ಮೋಲಾರ್. ಇದನ್ನು ಬ್ಯುರೆಟ್‌ನಲ್ಲಿ ತುಂಬಿ, 0.0500 ಮೋಲಾರ್ ಆಕ್ಸಾಲಿಕ್ ಆಮ್ಲದ 25.0 ಮಿಲಿಲೀಟರ್ ಎದುರು ಫಿನಾಲ್ಫ್ತಲೀನ್ ಸೂಚಕ ಬಳಸಿ ಟೈಟ್ರೇಟ್ ಮಾಡಲಾಗಿದೆ. ಆಮ್ಲದ ಒಂದು ಮೋಲ್‌ಗೆ ಪ್ರತ್ಯಾಮ್ಲದ ಎರಡು ಮೋಲ್ ಬೇಕು. ಹಾಗಾಗಿ ಎಲ್ಲವೂ ನಿರೀಕ್ಷೆಯಂತಿದ್ದರೆ 25.0 ಮಿಲಿಲೀಟರ್ ಸಾಕಿತ್ತು. ಬಂದ ಅಳತೆಗಳು 26.30, 26.25 ಮತ್ತು 26.35. ಸರಾಸರಿ 26.30ರಿಂದ ಲೆಕ್ಕ ಹಾಕಿದರೆ ಸಾರತೆ 0.0951 ಮೋಲಾರ್.

ಚರ್ಚೆಯ ಮೊದಲ ವಾಕ್ಯ ಈ ಸಂಖ್ಯೆಯನ್ನೂ ವ್ಯತ್ಯಾಸವನ್ನೂ ಚಿಹ್ನೆಯ ಸಮೇತ ಹೇಳಬೇಕು: ಅಳೆದ ಸಾರತೆ ನಿರೀಕ್ಷಿತ ಮೌಲ್ಯಕ್ಕಿಂತ ಶೇ. 4.9 ಕಡಿಮೆ. ‘ಶೇ. 4.9 ವ್ಯತ್ಯಾಸ’ ಎಂದಷ್ಟೇ ಬರೆದರೆ ಹೆಚ್ಚೋ ಕಡಿಮೆಯೋ ಎಂಬುದು ಕಳೆದುಹೋಗುತ್ತದೆ. ಮುಂದಿನ ತರ್ಕವೆಲ್ಲ ನಿಲ್ಲುವುದು ಆ ದಿಕ್ಕಿನ ಮೇಲೆಯೇ.

ಎರಡನೆಯ ಹೆಜ್ಜೆ, ಉಪಕರಣಗಳಷ್ಟರಿಂದಲೇ ಎಷ್ಟು ಏರುಪೇರು ಬರಬಹುದು ಎಂದು ಅಂದಾಜು ಮಾಡುವುದು. ಬ್ಯುರೆಟ್‌ನ ಪ್ರತಿ ಓದು 0.05 ಮಿಲಿಲೀಟರ್ ಆಚೀಚೆ ಆಗಬಹುದು ಎಂದಿಟ್ಟುಕೊಂಡರೆ, ಆರಂಭದ ಓದು ಮತ್ತು ಕೊನೆಯ ಓದು ಸೇರಿ 0.1 ಮಿಲಿಲೀಟರ್. ಇದು 26.3ರಲ್ಲಿ ಸುಮಾರು ಶೇ. 0.4. ಸಾಧಾರಣ ದರ್ಜೆಯ ಪಿಪೆಟ್‌ನಿಂದ ಶೇ. 0.24, ಆಮ್ಲ ತಯಾರಿಸಿದ ಫ್ಲಾಸ್ಕ್ ಮತ್ತು ತಕ್ಕಡಿ ಸೇರಿ ಇನ್ನೂ ಶೇ. 0.2ರಷ್ಟು. ಎಲ್ಲ ದೋಷಗಳೂ ಒಂದೇ ದಿಕ್ಕಿಗೆ ಸೇರಿಕೊಂಡವು ಎಂಬ ಅತಿ ಕೆಟ್ಟ ಊಹೆಯಲ್ಲೂ ಮೊತ್ತ ಶೇ. 0.8 ದಾಟುವುದು ಕಷ್ಟ. ಹಾಗಾಗಿ ಫಲಿತಾಂಶವನ್ನು 0.0951 ± 0.0008 ಮೋಲಾರ್ ಎಂದು ಬರೆಯಬಹುದು. ಸಾರತೆ 0.0996 ಎಂದು ಬಂದಿದ್ದರೆ ಚರ್ಚೆ ಇಲ್ಲಿಗೇ ಮುಗಿಯುತ್ತಿತ್ತು. ಮಿತಿಯೊಳಗಿನ ವ್ಯತ್ಯಾಸಕ್ಕೆ ಕಾರಣ ಹುಡುಕುವುದು ಇಲ್ಲದ್ದನ್ನು ಕಟ್ಟಿದಂತಾಗುತ್ತದೆ. ಆದರೆ ಶೇ. 4.9 ಎಂಬುದು ಆ ಮಿತಿಯ ಆರು ಪಟ್ಟು. ಮೂರೂ ಅಳತೆಗಳು 0.1 ಮಿಲಿಲೀಟರ್ ಒಳಗೇ ಇರುವುದರಿಂದ ಇದು ಕೈ ತಪ್ಪಿನ ಚೆದುರುವಿಕೆಯೂ ಅಲ್ಲ. ಪ್ರತಿ ಸಲವೂ ಒಂದೇ ಕಡೆಗೆ, ಒಂದೇ ಪ್ರಮಾಣದಲ್ಲಿ ಎಳೆದ ಕಾರಣವೊಂದಿದೆ.

ಆ ಕಾರಣದ ಹುಡುಕಾಟವೇ ಚರ್ಚೆಯ ತಿರುಳು. ನೆನಪಿಗೆ ಬಂದ ದೋಷಗಳನ್ನೆಲ್ಲ ಪಟ್ಟಿ ಮಾಡುವುದರಿಂದ ಅದು ಸಿಗುವುದಿಲ್ಲ. ಪ್ರತಿ ಶಂಕೆಗೂ ಎರಡು ಪ್ರಶ್ನೆ ಕೇಳಬೇಕು: ಇದು ಫಲಿತಾಂಶವನ್ನು ಇದೇ ದಿಕ್ಕಿಗೆ ಎಳೆಯುತ್ತದೆಯೇ, ಇಷ್ಟೇ ದೂರ ಎಳೆಯಬಲ್ಲದೇ? ಪಿಪೆಟ್‌ನಲ್ಲಿ ನೀರಿನ ಹನಿ ಉಳಿದಿದ್ದರೆ ಆಮ್ಲ ತೆಳುವಾಗಿ 25 ಮಿಲಿಲೀಟರ್‌ಗಿಂತಲೂ ಕಡಿಮೆ ಪ್ರತ್ಯಾಮ್ಲ ಸಾಕಾಗುತ್ತಿತ್ತು. ಅದು ವಿರುದ್ಧ ದಿಕ್ಕು. ಆ ಶಂಕೆ ಬಿಟ್ಟುಹೋಯಿತು. ಶಂಕುವಿನಾಕಾರದ ಫ್ಲಾಸ್ಕ್ ಒದ್ದೆಯಿದ್ದರೆ ಏನೂ ಆಗುವುದಿಲ್ಲ, ಏಕೆಂದರೆ ಒಳಗೆ ಬಿದ್ದ ಆಮ್ಲದ ಒಟ್ಟು ಪ್ರಮಾಣ ಬದಲಾಗುವುದಿಲ್ಲ. ಅಂತ್ಯಬಿಂದು ದಾಟಿ ಗುಲಾಬಿ ಬಣ್ಣ ಗಾಢವಾಗುವವರೆಗೆ ಹನಿ ಬಿಟ್ಟಿದ್ದರೆ ದಿಕ್ಕು ಸರಿಹೊಂದುತ್ತದೆ, ಪ್ರಮಾಣ ಹೊಂದುವುದಿಲ್ಲ. ಒಂದು ಹನಿ ಸುಮಾರು 0.05 ಮಿಲಿಲೀಟರ್, ಇಲ್ಲಿ ಹೆಚ್ಚಾಗಿರುವುದು 1.3 ಮಿಲಿಲೀಟರ್, ಎಂದರೆ ಸುಮಾರು 26 ಹನಿ. ಮೂರು ಸಲವೂ ಅಷ್ಟೇ ಹನಿ ಹೆಚ್ಚಾಗಿ ಬಿತ್ತೆಂದು ನಂಬುವುದು ಸಾಧ್ಯವಿಲ್ಲ. ಬ್ಯುರೆಟ್‌ನ ತುದಿಯಲ್ಲಿ ಗಾಳಿಗುಳ್ಳೆ ಇದ್ದಿದ್ದರೆ ಅದು ಹೊರಬಿದ್ದ ಒಂದು ಅಳತೆಯಷ್ಟೇ ಕೆಡುತ್ತಿತ್ತು.

ಉಳಿಯುವುದು ಎರಡು ದ್ರಾವಣಗಳು. ಸೋಡಿಯಂ ಹೈಡ್ರಾಕ್ಸೈಡ್ ಗುಳಿಗೆ ಗಾಳಿಯ ತೇವವನ್ನು ಹೀರಿ ತೂಗುತ್ತಿರುವಾಗಲೇ ಬೆವರತೊಡಗುತ್ತದೆ. ಇಂಗಾಲದ ಡೈಆಕ್ಸೈಡ್‌ನ್ನೂ ಹೀರಿ ಭಾಗಶಃ ಕಾರ್ಬೊನೇಟ್ ಆಗುತ್ತದೆ. ಬಾಟಲಿಯ ಮೇಲೆ ಶುದ್ಧತೆ ಶೇ. 97 ಎಂದಿದ್ದರೆ ಶೇ. 3 ಕೊರತೆ ಅಲ್ಲೇ ಲೆಕ್ಕಕ್ಕೆ ಸಿಕ್ಕಿತು. ಮಿಕ್ಕ ಸುಮಾರು ಶೇ. 2ಕ್ಕೆ ತೂಕದಲ್ಲಿ 0.08 ಗ್ರಾಂ ನೀರು ಸೇರಿದ್ದರೆ ಸಾಕು. ದಿಕ್ಕೂ ಹೊಂದಿತು, ಪ್ರಮಾಣವೂ ಹೊಂದಿತು. ಗುಳಿಗೆಗಳು ಒದ್ದೆಯಾಗಿ ಹೊಳೆಯುತ್ತಿದ್ದವು, ಅಂತ್ಯಬಿಂದುವಿನ ಗುಲಾಬಿ ಬಣ್ಣ ಅರ್ಧ ನಿಮಿಷದಲ್ಲೇ ಮಾಸುತ್ತಿತ್ತು ಎಂಬಂಥ ಟಿಪ್ಪಣಿಗಳು ಪ್ರಯೋಗದ ಪುಸ್ತಕದಲ್ಲಿದ್ದರೆ ಅವುಗಳಿಗೆ ಬೆಲೆ ಬರುವುದು ಈಗ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಪ್ರಯೋಗದಲ್ಲಿ 0.100 ಎಂಬುದು ‘ನಿಜವಾದ ಮೌಲ್ಯ’ ಅಲ್ಲ. ತೂಕದಿಂದ ನಂಬಿಕೆಯ ಸಾರತೆ ಕೊಡಲಾರದ ವಸ್ತುವಾದ್ದರಿಂದಲೇ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಟೈಟ್ರೇಟ್ ಮಾಡುವುದು. ಹಾಗಿರುವಾಗ ಶೇ. 4.9 ಕೊರತೆಯನ್ನು ಪ್ರಯೋಗದ ದೋಷವೆಂದು ಕರೆದರೆ ಸರಿಯಿರುವ ಅಳತೆಯ ಮೇಲೆ ತಪ್ಪು ಹೊರಿಸಿದಂತೆ. ಎಂದಿಗೂ ಮಾಡಬಾರದ ಕೆಲಸವೆಂದರೆ ಓದುಗಳನ್ನು 25.0ರ ಹತ್ತಿರಕ್ಕೆ ತಿದ್ದುವುದು.

ಆದರೂ ಆಮ್ಲವನ್ನು ಶಂಕಿಸದೆ ಬಿಡಲಾಗದು. 126.07 ಎಂಬ ಅಣುತೂಕ ಆಕ್ಸಾಲಿಕ್ ಆಮ್ಲದ ಹರಳಿನಲ್ಲಿ ಎರಡು ನೀರಿನ ಅಣುಗಳಿವೆ ಎಂದು ಭಾವಿಸಿದ ಲೆಕ್ಕ. ಹಳೆಯ ಬಾಟಲಿಯ ಹರಳುಗಳು ಆ ನೀರಿನ ಆರನೆಯ ಒಂದು ಭಾಗದಷ್ಟನ್ನು ಕಳೆದುಕೊಂಡಿದ್ದರೂ ಆಮ್ಲ ಲೆಕ್ಕಕ್ಕಿಂತ ಸುಮಾರು ಶೇ. 5 ಗಟ್ಟಿಯಾಗಿ, ಪ್ರತ್ಯಾಮ್ಲ ದುರ್ಬಲವಾಗಿ ಕಂಡುಬಿಡುತ್ತದೆ. ಪಾರದರ್ಶಕವಾಗಿರಬೇಕಾದ ಹರಳುಗಳ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಅದೇ ಸುಳಿವು.

ಇಷ್ಟನ್ನು ತೂಗಿ ನೋಡಿದ ಮೇಲೆ ವರದಿಯ ಚರ್ಚೆ ಹೀಗೆ ಸಾಗಬಹುದು: ‘ಅಳೆದ ಸಾರತೆ 0.0951 ± 0.0008 ಮೋಲಾರ್, ತೂಕದಿಂದ ನಿರೀಕ್ಷಿಸಿದ 0.100ಕ್ಕಿಂತ ಶೇ. 4.9 ಕಡಿಮೆ. ವ್ಯತ್ಯಾಸ ಅಳತೆಯ ಅನಿಶ್ಚಿತತೆಯ ಆರು ಪಟ್ಟಿದ್ದು, ಮೂರು ಅಳತೆಗಳೂ ಪರಸ್ಪರ ಹೊಂದುವುದರಿಂದ ಯಾದೃಚ್ಛಿಕ ದೋಷದಿಂದ ಬಂದದ್ದಲ್ಲ. ಗುಳಿಗೆಗಳ ಶೇ. 97 ಶುದ್ಧತೆ ಮತ್ತು ತೂಗುವಾಗ ಹೀರಿದ ತೇವ ಸೇರಿ ಈ ಕೊರತೆಯನ್ನು ವಿವರಿಸಬಲ್ಲವು. ಆಕ್ಸಾಲಿಕ್ ಆಮ್ಲದ ಹರಳುಗಳು ನೀರು ಕಳೆದುಕೊಂಡಿರುವ ಸಾಧ್ಯತೆಯನ್ನು ಈ ಪ್ರಯೋಗದಿಂದ ತಳ್ಳಿಹಾಕಲಾಗದು.’

ಕೊನೆಯ ವಾಕ್ಯದ ನಂತರ ಎರಡು ಕಾರಣಗಳನ್ನು ಬೇರ್ಪಡಿಸುವ ಪರೀಕ್ಷೆಯನ್ನು ಸೂಚಿಸಬೇಕು. ‘ಇನ್ನಷ್ಟು ಎಚ್ಚರ ವಹಿಸಬೇಕು’ ಎಂಬುದು ಪರೀಕ್ಷೆಯಲ್ಲ. ಹರಳಿನಲ್ಲಿ ನೀರಿಲ್ಲದ, ತೇವ ಹೀರದ ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟ್ ಇದಕ್ಕೆ ತಕ್ಕ ವಸ್ತು. ಒಣಗಿಸಿದ 0.511 ಗ್ರಾಂ ಥ್ಯಾಲೇಟ್ ಎದುರು ಅದೇ ಸೋಡಿಯಂ ಹೈಡ್ರಾಕ್ಸೈಡ್ ಮತ್ತೆ 26.3 ಮಿಲಿಲೀಟರ್ ಆಸುಪಾಸು ಖರ್ಚಾದರೆ ದ್ರಾವಣ ನಿಜಕ್ಕೂ ದುರ್ಬಲ. ಬಾಟಲಿಯ ಚೀಟಿಯಲ್ಲಿ 0.0951 ಎಂದು ಬರೆದು ಮುಂದಿನ ಪ್ರಯೋಗಗಳಿಗೆ ಆ ಸಂಖ್ಯೆಯನ್ನೇ ಬಳಸಬೇಕು. 25.0ರ ಹತ್ತಿರ ನಿಂತರೆ ತಪ್ಪು ಆಕ್ಸಾಲಿಕ್ ಆಮ್ಲದ್ದು; ಆ ಬಾಟಲಿಯಿಂದ ತಯಾರಿಸಿದ ಬೇರೆ ದ್ರಾವಣಗಳನ್ನೂ ಮತ್ತೆ ಪರೀಕ್ಷಿಸಬೇಕಾಗುತ್ತದೆ. ನಡುವಿನ ಸಂಖ್ಯೆ ಬಂದರೆ ಎರಡೂ ಕಾರಣಗಳು ಪಾಲು ಹಂಚಿಕೊಂಡಿವೆ.