ಹೊಡೆದ ಔಷಧಿ, ಬಿದ್ದ ಮಳೆ: ಇಮೇಲಿನಲ್ಲಿ ಸಾಕ್ಷಿ ಹೇಳುವ ಬಗೆ

ಪರಿಚಯವಿಲ್ಲದವರಿಗೆ ಕೆಲಸ ಕೇಳಿ ಬರೆಯುವ ಮೊದಲ ಕಾಗದವೇ ಕೋಲ್ಡ್ ಇಮೇಲ್. ನಿಮ್ಮ ಹಿಂದಿನ ಗಿರಾಕಿಗೆ ಏನು ಪ್ರಯೋಜನವಾಯಿತು ಎಂದು ಅದರಲ್ಲಿ ಒಂದೆರಡು ಸಾಲು ಇದ್ದರೆ ಅದು ಸಾಕ್ಷಿ. ವ್ಯಾಖ್ಯೆ ಇಷ್ಟೇ. ಜನ ಎಡವುವುದು ಆ ಎರಡು ಸಾಲಿನಲ್ಲಿ.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಹೊಸನಗರದ ನಾಲ್ಕು ಹುಡುಗರು ಫೈಬರ್ ದೋಟಿ ಹಿಡಿದು, ಮರ ಹತ್ತದೆ ನೆಲದಿಂದಲೇ ಅಡಿಕೆಗೆ ಬೋರ್ಡೋ ಹೊಡೆಯುತ್ತಾರೆ. ಬೆಂಗಳೂರಿನಲ್ಲಿದ್ದುಕೊಂಡು ಊರಲ್ಲಿ ತೋಟ ಮಾಡಿಸುವವರಿಗೆ ಇಮೇಲ್ ಕಳಿಸಬೇಕೆಂದಿದ್ದಾರೆ. ಹುಲಿಕಲ್ ಬದಿಯ ಎರಡು ಎಕರೆ ತೋಟದಲ್ಲಿ ಗುರುತು ಹಾಕಿದ 50 ಮರಗಳಲ್ಲಿ ಹಿಂದಿನ ವರ್ಷ 10ಕ್ಕೆ ಕೊಳೆ ಬಂದಿತ್ತು, ಈ ವರ್ಷ 3ಕ್ಕೆ ಬಂದಿದೆ. ಹುಡುಗರು ಬರೆದರು: ‘ನಮ್ಮಿಂದ ಕೊಳೆರೋಗ 70% ಕಡಿಮೆ!’

ಗುಣಾಕಾರ ಭಾಗಾಕಾರದಲ್ಲಿ ತಪ್ಪಿಲ್ಲ. ಆದರೂ ಈ ಮಾತು ನಿಲ್ಲುವುದಿಲ್ಲ. ಏಕೆಂದು ನೋಡಲು ಸ್ವಲ್ಪ ಹೊತ್ತು ತೋಟದಲ್ಲೇ ನಿಲ್ಲಬೇಕು.

ಕೊಳೆ ತರುವ ಫೈಟಾಫ್ತೊರಾ ನೀರನ್ನೇ ನಂಬಿದ ಜೀವಿ. ಬಿಡದೆ ಸುರಿಯುವ ಮಳೆ, ನಡುನಡುವೆ ಇಣುಕುವ ಬಿಸಿಲು, ಒಣಗದ ಕೊನೆ, ಇವಿಷ್ಟು ಸಿಕ್ಕರೆ ಅದಕ್ಕೆ ಹಬ್ಬ. ಹುಲಿಕಲ್ ಅಂದರೆ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದು. ಅಲ್ಲಿ ಒಂದು ವರ್ಷ ಹೊಳವು ಹೆಚ್ಚಾದರೆ ಯಾರು ಔಷಧಿ ಹೊಡೆದಿದ್ದರೂ ಕೊಳೆ ಇಳಿಯುತ್ತದೆ. ಇನ್ನೊಂದು ಮೋಸ ಇದಕ್ಕಿಂತ ಸೂಕ್ಷ್ಮವಾದದ್ದು, ನನಗಂತೂ ಬಲು ಇಷ್ಟದ್ದು. ಜನ ಹೊಸ ತಂಡವನ್ನು ಹುಡುಕುವುದು ಯಾವಾಗ? ಕೊಳೆ ಜೋರಾಗಿ ಕೈ ಸುಟ್ಟುಕೊಂಡ ಮರುವರ್ಷ. ತೀರಾ ಕೆಟ್ಟ ವರ್ಷದ ನಂತರ ಸಾಮಾನ್ಯವಾಗಿ ಅಷ್ಟು ಕೆಡದ ವರ್ಷವೇ ಬರುತ್ತದೆ. ಹಾಗಾಗಿ ನೀವು ಕಾಲಿಟ್ಟ ತೋಟವೆಲ್ಲ ಸುಧಾರಿಸಿದಂತೆ ಕಾಣುತ್ತದೆ. ಸುಳ್ಳು ಹೇಳುವ ಉದ್ದೇಶವೇ ಇಲ್ಲದವರೂ ಬೀಳುವ ಹೊಂಡ ಇದು.

ಪರೀಕ್ಷೆ ಸುಲಭ. ಅದೇ ಕಣಿವೆಯಲ್ಲಿ ಬೇರೆಯವರು ಔಷಧಿ ಹೊಡೆದ ಪಕ್ಕದ ತೋಟವನ್ನು ನೋಡಿ. ಅಲ್ಲೂ 50ರಲ್ಲಿ 9 ಇದ್ದದ್ದು 4ಕ್ಕೆ ಇಳಿದಿದ್ದರೆ, ನಿಮ್ಮ 70%ರ ಬಹುಪಾಲು ಮಳೆಯದ್ದು. ಆ ವರ್ಷ ಮಾಲೀಕರು ಬಸಿಗಾಲುವೆ ತೆಗೆಸಿದ್ದರೆ, ಕೊನೆಗೆ ಕೊಟ್ಟೆ ಕಟ್ಟಿಸಿದ್ದರೆ, ಅದರ ಪಾಲೂ ಇದೆ.

ಹಾಗಾದರೆ ಹುಡುಗರ ಹತ್ತಿರ ಸಾಕ್ಷಿಯೇ ಇಲ್ಲವೇ? ಇದೆ, ಅವರ ಕೈಯಲ್ಲೇ ಇದೆ. ಮೊದಲ ಔಷಧಿ ಮಳೆ ಹಿಡಿಯುವ ಮೊದಲೇ ಆಗಬೇಕು, ಎರಡನೆಯದು 40-45 ದಿನಕ್ಕೆ. ಆ ಹೊತ್ತಿಗೆ ಜುಲೈ. ಹೊಳವು ಸಿಗುವುದು ಅರ್ಧ ದಿನ, ಆ ಅರ್ಧ ದಿನದಲ್ಲಿ ಮರ ಹತ್ತುವವರು ಇನ್ನೆಲ್ಲೋ ಇರುತ್ತಾರೆ. ಈ ತೋಟದಲ್ಲಿ ಹಿಂದಿನ ವರ್ಷ ಎರಡನೇ ಔಷಧಿ ಆದದ್ದು 62ನೇ ದಿನಕ್ಕೆ, ಈ ವರ್ಷ 43ನೇ ದಿನಕ್ಕೆ. ಹೊಳವು ಕೊಟ್ಟಿದ್ದು ಮಳೆಯೇ ಇರಬಹುದು, ಆದರೆ ಆ ಹೊಳವಿಗೆ ತೋಟದಲ್ಲಿ ಹಾಜರಿದ್ದದ್ದು ಹುಡುಗರು. ತಾರೀಕು ವಾಟ್ಸ್‌ಆ್ಯಪ್ ಫೋಟೋದಲ್ಲಿದೆ. ಈಗ ಇಮೇಲ್ ಹೀಗಾಗುತ್ತದೆ:

‘ನಮಸ್ಕಾರ. ಹುಲಿಕಲ್ ಬದಿಯ 2 ಎಕರೆ ತೋಟವೊಂದಕ್ಕೆ ಈ ಮಳೆಗಾಲ ದೋಟಿಯಲ್ಲಿ ಬೋರ್ಡೋ ಹೊಡೆದೆವು. ಹಿಂದಿನ ವರ್ಷ 62ನೇ ದಿನಕ್ಕೆ ಆಗಿದ್ದ ಎರಡನೇ ಔಷಧಿ ಈ ಸಲ 43ನೇ ದಿನಕ್ಕೆ ಮುಗಿಯಿತು. ಇದು ಒಂದೇ ತೋಟದ, ಒಂದೇ ವರ್ಷದ ಲೆಕ್ಕ. ಬೇಕಿದ್ದರೆ ಮಾಲೀಕರೇ ಮಾತಾಡುತ್ತಾರೆ. ನಿಮ್ಮಲ್ಲಿ ಎರಡನೇ ಔಷಧಿ ಎಷ್ಟನೇ ದಿನಕ್ಕೆ ಆಗುತ್ತದೆ?’

ಇಲ್ಲಿ ಶೇಕಡಾವಾರು ಇಲ್ಲ, ಕೊಳೆಯ ಹೆಸರೂ ಇಲ್ಲ. ತೋಟ ಗೊತ್ತಿದ್ದವರಿಗೆ 43ನೇ ದಿನ ಅಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ‘ಒಂದೇ ತೋಟದ’ ಎಂಬ ಸಾಲು ಮಾರಾಟ ಕೆಡಿಸುತ್ತದೆ ಎಂದು ಹೆದರುವವರು ಬಹಳ. ಆ ಸಾಲನ್ನು ಕೊನೆಗೆ ಸಣ್ಣ ಅಕ್ಷರದಲ್ಲಿ ತಳ್ಳಿದರೆ ಸಾಲದು. ಅಮೆರಿಕದ ವ್ಯಾಪಾರ ಆಯೋಗ ಹಿಂದೆ ‘ಎಲ್ಲರಿಗೂ ಹೀಗೇ ಆಗುವುದಿಲ್ಲ’ ಎಂಬ ಅಡಿಟಿಪ್ಪಣಿಗೆ ರಿಯಾಯಿತಿ ಕೊಟ್ಟಿತ್ತು, 2009ರಲ್ಲಿ ಅದನ್ನು ಕಿತ್ತುಹಾಕಿತು. ನಮ್ಮಲ್ಲೂ ದಾರಿತಪ್ಪಿಸುವ ಜಾಹೀರಾತು ತಡೆಯಲು 2022ರ ಮಾರ್ಗಸೂಚಿಗಳಿವೆ.

ಮಾಲೀಕರ ಒಪ್ಪಿಗೆ ಮರೆಯಬೇಡಿ. ಹೆಸರು ಬಿಟ್ಟರೆ ಸಾಕು ಅನ್ನುವುದು ಪಟ್ಟಣದ ಲೆಕ್ಕ. ‘ಹುಲಿಕಲ್ ಬದಿಯ 2 ಎಕರೆ, ದೋಟಿ ತಂಡ’ ಅಂದರೆ ಊರಿನವರಿಗೆ ಅದು ಯಾರ ತೋಟವೆಂದು ಆಗಲೇ ಗೊತ್ತು. ಬರೆದ ಸಾಲನ್ನೇ ಅವರಿಗೆ ಕಳಿಸಿ, ‘ಹೀಗೆ ಹಾಕಬಹುದಾ?’ ಎಂದು ಕೇಳಿ. ಅವರು ಒಂದು ಅಂಕಿ ತಿದ್ದಿದರೆ ಇನ್ನೂ ಒಳ್ಳೆಯದು.

ಕೊಳೆಯ ಬಗ್ಗೆಯೂ ಮಾತಾಡಲೇಬೇಕು ಎಂಬ ಆಸೆಯಿದ್ದರೆ ಮುಂದಿನ ಮೇ ತಿಂಗಳಲ್ಲೇ ಒಂದು ಪುಸ್ತಕ ಶುರುಮಾಡಿ. ನಿಮ್ಮ ಕೆಲಸದ ತೋಟಗಳಲ್ಲಿ 50 ಮರ, ಪಕ್ಕದ ತೋಟಗಳಲ್ಲಿ 50 ಮರಕ್ಕೆ ಬಣ್ಣದ ಗುರುತು ಹಾಕಿ, ಹದಿನೈದು ದಿನಕ್ಕೊಮ್ಮೆ ಕೊಳೆತ ಕೊನೆ ಎಣಿಸಿ. ಮೂರು ಮಳೆಗಾಲ ಕಳೆಯಲಿ. ಆಗ ಬರೆಯಲು ಇನ್ನೊಂದು ಸಾಲು ಸಿಕ್ಕೀತು, ಸಿಗದೆಯೂ ಇರಬಹುದು.