ನನ್ನ 53 ತಪ್ಪುಗಳನ್ನು ಓದಿದ ಸರ್

ಗ್ರಾಮ ಆಡಳಿತ ಅಧಿಕಾರಿ ಹುದ್ದೆಯ ಆಯ್ಕೆ ಪಟ್ಟಿಯಲ್ಲಿ ನನ್ನ ನಂಬರ್ ಉಂಟು ಅಂತ ಗೊತ್ತಾದ ದಿನ ಉಮ್ಮ ಮೊದಲು ಕೇಳಿದ್ದು, ‘ಸರ್‌ಗೆ ಫೋನ್ ಮಾಡಿದಿಯಾ?’ ಅಂತ. ಮಾಡಿದ್ದೆ. ಅವರು ಎತ್ತಲಿಲ್ಲ, ಕ್ಲಾಸಿನಲ್ಲಿದ್ದರು. ಸಂಜೆ ಅವರೇ ಮಾಡಿದಾಗ ನನಗೆ ‘ಥ್ಯಾಂಕ್ಸ್ ಸರ್’ ಬಿಟ್ಟು ಬೇರೆ ಮಾತೇ ಬರಲಿಲ್ಲ. ಆ ದಿನ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕಬೇಡ ಅಂತ ಸರ್ ಹೇಳಿದ್ದಾರೆ, ಹಾಕುವುದಿಲ್ಲ. ನನ್ನ ಹೆಸರು ಪಟ್ಟಿಯ ಮೇಲ್ಭಾಗದಲ್ಲಿ ಏನೂ ಇರಲಿಲ್ಲ, ಕೆಳಗೆ ಹುಡುಕಬೇಕಾಯಿತು. ಹಾಗಾಗಿ ಇದನ್ನು ರ‍್ಯಾಂಕ್ ಬಂದವಳ ಮಾತು ಅಂತ ಯಾರೂ ಓದಬಾರದು.

ನಮ್ಮದು ಉದ್ಯಾವರ. ಬಾಪ ಮಲ್ಪೆಯಿಂದ ಮೀನು ಸಾಗಿಸುವ ಟೆಂಪೋ ಓಡಿಸುತ್ತಾರೆ. ಪಿಯುಸಿಯಲ್ಲಿ ನನಗೆ ಬಂದದ್ದು ಶೇ. 61. ಹಿಂದೆಲ್ಲ ಈ ಹುದ್ದೆಗೆ ಪಿಯುಸಿ ಅಂಕ ನೋಡಿಯೇ ಆಯ್ಕೆ ಮಾಡುತ್ತಿದ್ದರು. ಶೇ. 95 ಬಂದವರ ಸಾಲಿನಲ್ಲಿ ನಮ್ಮಂಥವರಿಗೆ ಜಾಗವೇ ಇರುತ್ತಿರಲಿಲ್ಲ. 2024ರಲ್ಲಿ 1000 ಹುದ್ದೆಗೆ ಅರ್ಜಿ ಕರೆದಾಗ ಅದು ಬದಲಾಯಿತು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪರೀಕ್ಷೆ ನಡೆಸುತ್ತದೆ, ಅದರ ಅಂಕವೇ ಲೆಕ್ಕ. ಮೊದಲು ಕಡ್ಡಾಯ ಕನ್ನಡ, 150 ಅಂಕಕ್ಕೆ ಕನಿಷ್ಠ 50 ಬರಬೇಕು. ಅದರಲ್ಲಿ ಪಾಸಾದವರಿಗೆ 100 ಅಂಕದ ಎರಡು ಪತ್ರಿಕೆಗಳು. ಒಂದು ಸಾಮಾನ್ಯ ಜ್ಞಾನ, ಇನ್ನೊಂದರಲ್ಲಿ ಕನ್ನಡ, ಇಂಗ್ಲಿಷ್, ಕಂಪ್ಯೂಟರ್ ಮೂರೂ ಸೇರಿ. ಒಂದು ತಪ್ಪಿಗೆ ಕಾಲು ಅಂಕ ಕಡಿತ. ಮನೆಯಲ್ಲಿ ಆಗಲೇ ನನ್ನ ಮದುವೆಯ ಮಾತು ಎದ್ದಿತ್ತು. ಬಾಪ ‘ಇದೊಂದು ಸಲ ಬರೆಯಲಿ’ ಅಂದರು. ಇದೊಂದು ಸಲ ಅಂದರೆ ಇದೊಂದೇ ಸಲ ಅಂತ ನನಗೂ ಗೊತ್ತಿತ್ತು.

ಬಲಾಯಿಪಾದೆಯಲ್ಲಿ ಬಸ್ ಹತ್ತಿ ಉಡುಪಿಗೆ ಕೋಚಿಂಗ್‌ಗೆ ಹೋದ ಮೊದಲ ದಿನವೇ ಮರ್ಯಾದೆ ಹೋಯಿತು. ಸರ್ ಎಲ್ಲರ ಊರು ಕೇಳುತ್ತಾ ಬಂದರು. ನಾನು ಉದ್ಯಾವರ ಅಂದೆ. ‘ಹಾಗಾದರೆ ಆಳುಪರ ರಾಜಧಾನಿಗಳು ಯಾವುವು, ಹೇಳು’ ಅಂದರು. ನಾನು ಸುಮ್ಮನೆ ನಿಂತೆ. ಮಂಗಳೂರು, ಬಾರ್ಕೂರಿನ ಜೊತೆಗೆ ನಮ್ಮ ಉದ್ಯಾವರವೂ ಒಂದು ಕಾಲಕ್ಕೆ ಅವರ ರಾಜಧಾನಿಯಾಗಿತ್ತು, ಇಲ್ಲಿ ಶಾಸನಗಳೂ ಸಿಕ್ಕಿವೆ ಅಂತ ನನಗೆ ಗೊತ್ತಾದದ್ದು ಆ ದಿನ. ಸರ್ ಬೈಯಲಿಲ್ಲ. ‘ನಾಳೆ ಇದೇ ಪ್ರಶ್ನೆ ಬಂದು ನೀನು ಬಿಟ್ಟರೆ ನಿನ್ನ ಊರಿನವರು ನಗುತ್ತಾರೆ’ ಅಂದರು, ಅಷ್ಟೇ.

ನಿಜವಾದ ಪಾಠ ಶುರುವಾದದ್ದು ಮೊದಲ ಮಾಡೆಲ್ ಪರೀಕ್ಷೆಯ ನಂತರ. ನೂರು ಪ್ರಶ್ನೆಗೂ ಉತ್ತರ ಗುರುತಿಸಿದ್ದೆ, ಒಂದನ್ನೂ ಬಿಡಲಿಲ್ಲ. ಸರಿ 47, ತಪ್ಪು 53. ತಪ್ಪಿಗೆ ಕಾಲು ಕಾಲು ಅಂತ ಹದಿಮೂರೂ ಕಾಲು ಅಂಕ ಹೋಗಿ ಉಳಿದದ್ದು 33.75. ನಾನು ಅಳುವುದಕ್ಕೆ ತಯಾರಾಗಿದ್ದೆ. ಸರ್ ಮರುದಿನ ಕ್ಲಾಸು ಮುಗಿದ ಮೇಲೆ ಪ್ರಶ್ನೆಪತ್ರಿಕೆ ತರಿಸಿ ಒಂದೊಂದೇ ಪ್ರಶ್ನೆ ಹಿಡಿದು ಕೇಳುತ್ತಾ ಹೋದರು, ‘ಇದನ್ನು ಗೊತ್ತಿದ್ದು ಬರೆದದ್ದಾ, ಎರಡರಲ್ಲಿ ಸಂಶಯ ಇತ್ತಾ, ಅಲ್ಲ ಸುಮ್ಮನೆ ಹಾಕಿದ್ದಾ?’ ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದರು. ಎರಡು ಗಂಟೆ ಹಿಡಿಯಿತು. ನನ್ನ ಕೊನೆಯ ಬಸ್ ತಪ್ಪುತ್ತದೆ ಅಂತ ನಡುವೆ ಅವರೇ ಬಾಪನಿಗೆ ಫೋನ್ ಮಾಡಿ ಹೇಳಿದರು.

ಕೊನೆಗೆ ಮೂರು ಗುಂಪಾಯಿತು. ಗೊತ್ತಿದ್ದು ಬರೆದದ್ದು 38, ಅದರಲ್ಲಿ 34 ಸರಿ, 4 ತಪ್ಪು. ಅಂದರೆ ಕೈಗೆ ಬಂದದ್ದು 33 ಅಂಕ. ಎರಡು ಉತ್ತರಗಳ ನಡುವೆ ಸಂಶಯ ಇದ್ದದ್ದು 22, ಅದರಲ್ಲಿ 8 ಸರಿ, 14 ತಪ್ಪು. ಅರ್ಧದಷ್ಟೂ ಸರಿಯಾಗದಿದ್ದರೂ ನಾಲ್ಕೂವರೆ ಅಂಕ ಸಿಕ್ಕಿತು. ಸುಮ್ಮನೆ ಹಾಕಿದ್ದು 40. ಅದರಲ್ಲಿ ಬರೀ 5 ಸರಿ, 35 ತಪ್ಪು. ಐದು ಬಂದು ಎಂಟೂ ಮುಕ್ಕಾಲು ಹೋಯಿತು. ಆ ನಲವತ್ತನ್ನು ಮುಟ್ಟದೇ ಇದ್ದಿದ್ದರೆ ನನಗೆ 37.5 ಅಂಕ ಬರುತ್ತಿತ್ತು.

‘ಸರ್, ನಾಲ್ಕರಲ್ಲಿ ಒಂದಾದರೂ ಅದೃಷ್ಟಕ್ಕೆ ಸರಿಯಾಗಬೇಕಿತ್ತಲ್ಲ?’ ಅಂತ ಕೇಳಿದೆ. ಅದಕ್ಕೆ ಸರ್ ಮಾಡಿದ್ದನ್ನು ನಾನು ಮರೆಯುವುದಿಲ್ಲ. ಆ ನಲವತ್ತು ಪ್ರಶ್ನೆಗೂ ‘ಬಿ’ ಅಂತಲೇ ಹಾಕಿದ್ದರೆ ಎಷ್ಟು ಬರುತ್ತಿತ್ತು ಅಂತ ಉತ್ತರಪಟ್ಟಿ ನೋಡಿ ನನ್ನ ಕೈಯಿಂದಲೇ ಎಣಿಸಿದರು. 9 ಸರಿ. ಮೂವತ್ತೊಂದು ತಪ್ಪಿಗೆ 7.75 ಹೋದರೂ ಒಂದೂ ಕಾಲು ಅಂಕ ಲಾಭ. ‘ನೋಡು, ಏನೂ ಗೊತ್ತಿಲ್ಲದವನು ಕಣ್ಣು ಮುಚ್ಚಿ ಹಾಕಿದ್ದರೆ ನಿನಗಿಂತ ಹೆಚ್ಚು ಅಂಕ ತೆಗೆಯುತ್ತಿದ್ದ. ನೀನು ಸುಮ್ಮನೆ ಹಾಕಿದ್ದು ಅಂತೀ, ಹಾಗಲ್ಲ. ಎಲ್ಲೋ ಕೇಳಿದ ಹೆಸರು ಕಂಡ ಕೂಡಲೇ ಅದಕ್ಕೆ ಹಾಕಿದ್ದೀ. ಪ್ರಶ್ನೆ ತೆಗೆಯುವವರು ಆ ಕೇಳಿದ ಹೆಸರನ್ನು ಬೇಕಂತಲೇ ತಪ್ಪು ಉತ್ತರದ ಜಾಗದಲ್ಲಿ ಇಡುತ್ತಾರೆ ಮಾರಾಯ್ತಿ, ಅರ್ಧ ಓದಿದವರನ್ನು ಹಿಡಿಯುವುದಕ್ಕೆ.’

ಅವರ ನಿಯಮ ಸಣ್ಣದು. ಒಂದು ಸರಿ ಉತ್ತರ ನಾಲ್ಕು ತಪ್ಪುಗಳ ನಷ್ಟವನ್ನು ತುಂಬುತ್ತದೆ. ಆದ್ದರಿಂದ ಎರಡು ಉತ್ತರವನ್ನು ಕಾರಣ ಹೇಳಿ ತೆಗೆದುಹಾಕಲು ಆಗುವುದಾದರೆ ಉಳಿದ ಎರಡರಲ್ಲಿ ಧೈರ್ಯವಾಗಿ ಒಂದು ಹಾಕು, ಹತ್ತರಲ್ಲಿ ನಾಲ್ಕು ಸರಿಯಾದರೂ ನೀನು ಲಾಭದಲ್ಲಿದ್ದೀ. ಯಾವುದನ್ನೂ ತೆಗೆಯಲು ಕಾರಣ ಸಿಗದಿದ್ದರೆ ಬಿಡು. ಕಾರಣ ಅಂದರೆ ಬಾಯಿಬಿಟ್ಟು ಹೇಳಬಹುದಾದ ಕಾರಣ. ‘ಇದು ಅಲ್ಲ ಅಂತ ಅನಿಸುತ್ತದೆ’ ಅಂದರೆ ಆಗುವುದಿಲ್ಲ. ಕೇಳುವಾಗ ಸುಲಭ. ಬಿಡುವುದು ಎಷ್ಟು ಕಷ್ಟ ಅಂತ ಪರೀಕ್ಷೆ ಬರೆದವರಿಗೇ ಗೊತ್ತು. ಪಕ್ಕದವರು ಒಎಂಆರ್ ಹಾಳೆಯಲ್ಲಿ ಸರಸರ ಕಪ್ಪು ಮಾಡುತ್ತಿರುವಾಗ ನಮ್ಮ ಹಾಳೆಯಲ್ಲಿ ಖಾಲಿ ವೃತ್ತ ಕಂಡರೆ ಕೈ ತಾನಾಗಿ ಹೋಗುತ್ತದೆ. ಮುಂದಿನ ಎರಡು ಮಾಡೆಲ್ ಪರೀಕ್ಷೆಯಲ್ಲೂ ನಾನು ತಡೆಯಲಾಗದೆ ಕೊನೆಯ ಐದು ನಿಮಿಷದಲ್ಲಿ ಹಾಕಿಬಿಟ್ಟೆ. ಎರಡೂ ಸಲ ಸರ್ ಕಂಡುಹಿಡಿದರು.

ಅವರಿಗೆ ಹೆಚ್ಚು ಚಿಂತೆಯಾದದ್ದು ಮಾತ್ರ ಆ ನಲವತ್ತರದ್ದಲ್ಲ, ಗೊತ್ತಿದ್ದೂ ತಪ್ಪಾದ ನಾಲ್ಕರದ್ದು. ‘ಗೊತ್ತಿಲ್ಲದ್ದನ್ನು ಓದಬಹುದು. ಗೊತ್ತುಂಟು ಅಂತ ಅಂದುಕೊಂಡದ್ದನ್ನು ನೀನು ತಿರುಗಿ ನೋಡುವುದೇ ಇಲ್ಲ’ ಅಂದರು. ಒಂದರಲ್ಲಿ ‘ಯಾವುದು ಸರಿಯಲ್ಲ’ ಅಂತ ಇದ್ದದ್ದನ್ನು ‘ಸರಿ’ ಅಂತ ಓದಿದ್ದೆ. ಇನ್ನೊಂದರಲ್ಲಿ ಸಂವಿಧಾನದ 73ನೇ ಮತ್ತು 74ನೇ ತಿದ್ದುಪಡಿ ಅದಲು ಬದಲಾಗಿತ್ತು. ಇಂಥವನ್ನು ಬರೆಯಲಿಕ್ಕೆ ಒಂದು ಬೇರೆ ಪುಸ್ತಕ ಇಡಿಸಿದರು. ಅದರಲ್ಲಿ ಸರಿ ಉತ್ತರ ಬರೆದರೆ ಸಾಲದು, ತಪ್ಪು ಉತ್ತರ ನನಗೆ ಯಾಕೆ ಸರಿ ಅಂತ ಕಂಡಿತು ಅನ್ನುವುದನ್ನು ಬರೆಯಬೇಕು. 73 ಪಂಚಾಯತ್‌ಗಳದ್ದು, 74 ನಗರಸಭೆಗಳದ್ದು. ಅದಕ್ಕೆ ಅವರು ಕೊಟ್ಟ ಗುರುತು ಹೀಗೆ: ‘ದಿನಾ ಬೆಳಿಗ್ಗೆ ನೀನು ಬಸ್ ಹತ್ತುವುದು ಪಂಚಾಯತ್‌ನಲ್ಲಿ, ಇಳಿಯುವುದು ನಗರಸಭೆಯಲ್ಲಿ. ಮೊದಲು 73, ಆಮೇಲೆ 74.’ ಅಂದಿನಿಂದ ಕಿನ್ನಿಮುಲ್ಕಿ ದಾಟುವಾಗೆಲ್ಲ ನನಗೆ ತಿದ್ದುಪಡಿ ನೆನಪಾಗುತ್ತದೆ.

ಇನ್ನೊಂದು ಋಣ ಕನ್ನಡದ್ದು. ನಮ್ಮ ಮನೆಮಾತು ಬ್ಯಾರಿ. ನಾವು ಮಾತಾಡುವಾಗ ‘ಳ’ ಹೆಚ್ಚಾಗಿ ‘ಲ’ ಆಗುತ್ತದೆ, ‘ಣ’ ‘ನ’ ಆಗುತ್ತದೆ, ಮಹಾಪ್ರಾಣದ ಗೋಜೇ ಇಲ್ಲ. ಮನೆಯಲ್ಲಿ ಅದು ತಪ್ಪೂ ಅಲ್ಲ, ನಮ್ಮ ಭಾಷೆಯ ರೀತಿಯೇ ಹಾಗೆ. ಆದರೆ ಅದೇ ಕಿವಿಯಿಂದ ನಾನು ಕನ್ನಡ ಬರೆಯುತ್ತಿದ್ದೆ. ಗ್ರಾಮೀಣಾಭಿವೃದ್ಧಿ ಬಗ್ಗೆ ಒಂದು ಪುಟ ಬರೆಯಲು ಹೇಳಿದಾಗ ‘ಹಲ್ಲಿಗಳ ಅಭಿವೃದ್ಧಿಗೆ ಸರಕಾರ ಗಮನ ಕೊಡಬೇಕು’ ಅಂತ ಬರೆದಿದ್ದೆ. ಸರ್ ಅದನ್ನು ಕ್ಲಾಸಿನಲ್ಲಿ ಓದಲಿಲ್ಲ. ಓದಿದ್ದರೆ ನಾನು ಮರುದಿನ ಹೋಗುತ್ತಿರಲಿಲ್ಲವೇನೋ. ಬದಿಗೆ ಕರೆದು, ‘ಗೋಡೆಯ ಮೇಲಿನ ಹಲ್ಲಿಗೆ ಎಂಥ ಅಭಿವೃದ್ಧಿ?’ ಅಂತ ಮೆಲ್ಲ ಕೇಳಿದರು. ಇಬ್ಬರೂ ನಕ್ಕೆವು.

ಆಮೇಲೆ ಅವರು ಒಂದು ಕೆಲಸ ಕೊಟ್ಟರು. ದಿನಾ ಪತ್ರಿಕೆಯ ಒಂದು ಸಣ್ಣ ಸುದ್ದಿಯನ್ನು ತಮ್ಮನ ಹತ್ತಿರ ಓದಿಸಿ ಕೇಳಿ ಬರೆಯುವುದು, ಮತ್ತೆ ಅಚ್ಚಾದದ್ದರೊಂದಿಗೆ ಹೋಲಿಸಿ ತಪ್ಪಾದ ಅಕ್ಷರಕ್ಕೆ ಸುತ್ತು ಹಾಕುವುದು. ತಮ್ಮನೂ ನಮ್ಮ ಹಾಗೆಯೇ ಓದುವವನಾದ್ದರಿಂದ ಮೊದಲ ವಾರ ಅವನೂ ನಾನೂ ಸೇರಿ ತಪ್ಪಿದೆವು. ‘ಅದೂ ಒಳ್ಳೆಯದೇ, ಕಿವಿಯನ್ನು ನಂಬುವುದು ಬಿಟ್ಟು ಕಣ್ಣನ್ನು ನಂಬು’ ಅಂದರು ಸರ್. ಎರಡು ವಾರದಲ್ಲಿ ನನ್ನ ತಪ್ಪೆಲ್ಲ ಸುಮಾರು ಮೂವತ್ತು ಶಬ್ದಗಳಲ್ಲೇ ತಿರುಗುತ್ತಿದೆ ಅಂತ ಗೊತ್ತಾಯಿತು. ಬೆಳೆ ಮತ್ತು ಬೆಲೆ, ಮರಣ, ಪರಿಣಾಮ, ಅರ್ಹತೆ. ಮೂವತ್ತು ಶಬ್ದವನ್ನು ಅಡುಗೆಕೋಣೆಯ ಬಾಗಿಲಿಗೆ ಅಂಟಿಸಿದೆ. ಭಾಷೆ ಪೂರ್ತಿ ಕಲಿಯಬೇಕೇನೋ ಅಂತ ಹೆದರಿದ್ದವಳಿಗೆ ಮೂವತ್ತು ಶಬ್ದ ಏನು ದೊಡ್ಡದು? ‘ಬೆಳೆ ಪರಿಹಾರ’ ಮತ್ತು ‘ಮರಣ ನೋಂದಣಿ’ ನಾಳೆ ಈ ಕೆಲಸದಲ್ಲಿ ದಿನಾ ಬರೆಯಬೇಕಾದದ್ದು ಅಂತ ಆಗ ನನಗೆ ಹೊಳೆಯಲಿಲ್ಲ. ಸರ್‌ಗೆ ಹೊಳೆದಿರಬೇಕು.

ಸೆಪ್ಟೆಂಬರ್ 29ಕ್ಕೆ ಕಡ್ಡಾಯ ಕನ್ನಡ ಆಯಿತು. ಅಕ್ಟೋಬರ್ 27, ಭಾನುವಾರ, ಎರಡು ಪತ್ರಿಕೆಗಳು. ಮೊದಲ ಪತ್ರಿಕೆಯಲ್ಲಿ 14 ಪ್ರಶ್ನೆ ಬಿಟ್ಟೆ. ಕೊನೆಯ ಐದು ನಿಮಿಷ ಪೆನ್ನಿಗೆ ಕ್ಯಾಪ್ ಹಾಕಿ ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ಕೂತೆ. ಮೇಲ್ವಿಚಾರಕರು ಬಂದು ‘ಹುಷಾರಿಲ್ವಾ?’ ಅಂತ ಕೇಳಿದರು.

ಉತ್ತರಪಟ್ಟಿ ಬಂದ ದಿನ ಸರ್ ಎದುರು ಕೂತು ನೋಡಿದೆವು. ನಾನು ಬಿಟ್ಟ ಹದಿನಾಲ್ಕರಲ್ಲಿ, ಹಾಕಬೇಕು ಅಂತ ಕೈ ತುಡಿದ ಉತ್ತರ ಎಷ್ಟು ಸರಿಯಿತ್ತು ಅಂತ ಅವರು ಕೇಳಿದರು. ಎರಡು. ಹನ್ನೆರಡು ತಪ್ಪಿಗೆ ಮೂರು ಅಂಕ ಹೋಗಿ, ಎರಡು ಬಂದು, ಒಟ್ಟು ಒಂದು ಅಂಕ ಕಳೆದುಕೊಳ್ಳುತ್ತಿದ್ದೆ. ಪಟ್ಟಿಯಲ್ಲಿ ನಾನಿದ್ದ ಜಾಗ ನೋಡಿದವರಿಗೆ ಒಂದು ಅಂಕ ಅಂದರೆ ಎಷ್ಟು ಅಂತ ಹೇಳಬೇಕಾಗಿಲ್ಲ. ಎಲ್ಲವೂ ನಿಯಮದ ಪ್ರಕಾರ ನಡೆಯಿತು ಅಂತಲೂ ಅಲ್ಲ. ಎರಡನೇ ಪತ್ರಿಕೆಯಲ್ಲಿ ಕಾರಣ ಹೇಳಿ ತೆಗೆದ ಉತ್ತರವೇ ಸರಿಯಾಗಿತ್ತು ಅನ್ನುವುದೂ ಮೂರು ಕಡೆ ಆಗಿದೆ. ‘ಅದು ಓದು ಕಡಿಮೆಯಾದದ್ದು, ಲೆಕ್ಕದ ತಪ್ಪಲ್ಲ’ ಅಂದರು ಸರ್.

ಸರ್ ತಾವೇ ಎರಡು ಸಲ ಇಂಥ ಪರೀಕ್ಷೆ ಬರೆದು ಸಿಗದೆ ಪಾಠಕ್ಕೆ ಬಂದವರು. ಇದನ್ನು ಅವರು ನಮಗೆ ಹೇಳಿದ್ದು ಒಂದೇ ಸಲ, ಅದೂ ನಗುತ್ತಾ. ಎರಡನೇ ಸಲ ಒಂದೂವರೆ ಅಂಕಕ್ಕೆ ತಪ್ಪಿತಂತೆ. ಆಗ ಅವರ ತಪ್ಪುಗಳನ್ನು ಹೀಗೆ ಕೂತು ಯಾರೂ ಓದಿರಲಿಲ್ಲ.

ಕಳೆದ ವಾರ ಉಮ್ಮ ಮಾಡಿಕೊಟ್ಟ ತಿಂಡಿಯ ಡಬ್ಬಿ ಹಿಡಿದುಕೊಂಡು ಬಾಪನ ಜೊತೆ ಅವರ ಮನೆಗೆ ಹೋದೆವು. ಬಾಪ ಒಂದು ಶರ್ಟ್ ಪೀಸ್ ಕೂಡಾ ತಂದಿದ್ದರು. ಸರ್ ಡಬ್ಬಿ ತೆಗೆದುಕೊಂಡರು, ಶರ್ಟ್ ಪೀಸ್ ಬೇಡ ಅಂದರು. ಬಾಪ ಒತ್ತಾಯ ಮಾಡಿದಾಗ, ‘ಕೊಡುವುದೇ ಆದರೆ ಆ ತಪ್ಪಿನ ಪುಸ್ತಕ ಕೊಡಿಸಿ, ಈ ವರ್ಷದ ಮಕ್ಕಳಿಗೆ ತೋರಿಸಬೇಕು’ ಅಂದರು. ಕೊಡಲು ನನಗೆ ನಾಚಿಕೆ. ಹಲ್ಲಿಯ ಪುಟ ಅದರಲ್ಲೇ ಉಂಟು. ‘ಆ ಪುಟ ಹರಿದು ಕೊಡಲಾ ಸರ್?’ ಅಂತ ಕೇಳಿದೆ. ‘ಅದೇ ಬೇಕಾದದ್ದು’ ಅಂದರು. ನಿನ್ನೆ ಕೊಟ್ಟು ಬಂದೆ.