ಕಪಾಟಿನೊಳಗಿನ 23 ನಿಮಿಷ

ದಾವಣಗೆರೆಯ ಲೆಕ್ಕಪರಿಶೋಧಕರೊಬ್ಬರ ಕಚೇರಿ. ಮೊದಲ ಮಹಡಿ, ಒಂಬತ್ತು ಜನರ ಸಿಬ್ಬಂದಿ. ಝೆರಾಕ್ಸ್ ಯಂತ್ರದ ಪಕ್ಕದ ಗೋಡೆಗೆ ಗಾಜಿನ ಬಾಗಿಲಿನ ಕಬ್ಬಿಣದ ಕಪಾಟೊಂದನ್ನು ಬಿಗಿದಿದ್ದಾರೆ. ಏಪ್ರಿಲ್‌ನ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಕಪಾಟಿನ ತಳದಲ್ಲಿದ್ದ ಯುಪಿಎಸ್ ಕೀಂ ಕೀಂ ಎಂದಿತು. ಯಾರೂ ಎದ್ದು ನೋಡಲಿಲ್ಲ, ಏಕೆಂದರೆ ಅದು ಯಾವಾಗಲೂ ಹಾಗೇ ಕೂಗುತ್ತಿತ್ತು. ಆರನೇ ನಿಮಿಷಕ್ಕೆ ಎಲ್ಲವೂ ಒಮ್ಮೆಲೇ ಆರಿಹೋಯಿತು. ಕರೆಂಟ್ ಮರಳಿದ ಮೇಲೆ ಸರ್ವರ್ ಎದ್ದಿತು, ಲೆಕ್ಕದ ಕಡತ ಮಾತ್ರ ತೆರೆಯಲಿಲ್ಲ. ಹಿಂದಿನ ರಾತ್ರಿಯ ಪ್ರತಿಯನ್ನು ಹಾಕಿಕೊಂಡು ಅರ್ಧ ದಿನದ ನಮೂದುಗಳನ್ನು ಮತ್ತೆ ಟೈಪ್ ಮಾಡಬೇಕಾಯಿತು.

ನಾನು ಹೋದಾಗ ಅಲ್ಲಿನ ಹಿರಿಯ ಗುಮಾಸ್ತರು ಕೇಳಿದ ಪ್ರಶ್ನೆ ನ್ಯಾಯವಾಗಿತ್ತು. "ಸರ್, ಯುಪಿಎಸ್ ತರುವಾಗ ಅರ್ಧ ಗಂಟೆ ಬರುತ್ತೆ ಅಂದಿದ್ರು. ಎರಡು ವರ್ಷಾನೂ ತುಂಬಿಲ್ಲ. ಆರೇ ನಿಮಿಷ ಬಂತಲ್ಲ, ಉಳಿದದ್ದು ಎಲ್ಲಿ ಹೋಯ್ತು?"

ಉತ್ತರ ಕಪಾಟಿನ ಬಾಗಿಲು ತೆರೆದಾಗ ಮುಖಕ್ಕೆ ಹೊಡೆದ ಬಿಸಿಯಲ್ಲಿತ್ತು. ಒಳಗೆ ಥರ್ಮಾಮೀಟರ್ ಇಟ್ಟು ಬಾಗಿಲು ಮುಚ್ಚಿ ಒಂದು ಗಂಟೆ ಕಾದೆವು. ಬ್ಯಾಟರಿಯ ಬಳಿ 44 ಡಿಗ್ರಿ. ಯುಪಿಎಸ್‌ನಲ್ಲಿರುವ ಮುಚ್ಚಿದ ಸೀಸದ ಬ್ಯಾಟರಿಯ ಆಯುಸ್ಸನ್ನು ಲೆಕ್ಕ ಹಾಕುವುದು ಸಾಮಾನ್ಯವಾಗಿ 25 ಡಿಗ್ರಿಗೆ. ಅಲ್ಲಿಂದ ಮೇಲೆ ಸುಮಾರು ಹತ್ತು ಡಿಗ್ರಿ ಏರಿದಾಗಲೆಲ್ಲ ಆಯುಸ್ಸು ಅರ್ಧವಾಗುತ್ತದೆ ಎಂಬುದು ಈ ಕಸುಬಿನವರೆಲ್ಲ ನಂಬಿ ನಡೆಯುವ ಅಂದಾಜು. 35ರಲ್ಲಿ ಅರ್ಧ, 45ರಲ್ಲಿ ಕಾಲು. ನಾಲ್ಕು ವರ್ಷ ಬಾಳಬೇಕಾದ ಬ್ಯಾಟರಿ ಇಂಥ ಕಪಾಟಿನಲ್ಲಿ ಒಂದೇ ವರ್ಷಕ್ಕೆ ಸೊರಗುತ್ತದೆ. ಹಗಲು ಎಸಿ ಇದೆ ಎಂಬ ಧೈರ್ಯ ಅವರಿಗಿತ್ತು. ಸಂಜೆ ಏಳಕ್ಕೆ ಎಸಿ ಆರಿಸಿ ಬೀಗ ಹಾಕಿದ ಮೇಲೂ ಸರ್ವರ್ ಬೆಳಗಿನ ತನಕ ಓಡುತ್ತಲೇ ಇರುತ್ತದೆ ಎಂಬುದನ್ನು ಯಾರೂ ಎಣಿಸಿರಲಿಲ್ಲ.

ಆ ಬಿಸಿ ಎಷ್ಟು ಎಂಬುದನ್ನು ಅಳೆಯಬಹುದು. ಪ್ಲಗ್ಗಿಗೂ ಸಾಕೆಟ್ಟಿಗೂ ನಡುವೆ ಸಿಕ್ಕಿಸುವ ವಾಟ್ ಮೀಟರನ್ನು ಒಂದೊಂದೇ ಉಪಕರಣಕ್ಕೆ ಹಾಕಿ ನೋಡಿದೆವು. ಸರ್ವರ್ 70 ವಾಟ್. ಎಲ್ಲರ ಕಡತಗಳನ್ನು ಇಡುವ ಪೆಟ್ಟಿಗೆ, ಅಂದರೆ ನ್ಯಾಸ್, 25. ನೆಟ್‌ವರ್ಕ್ ಸ್ವಿಚ್ ಮತ್ತು ಫೈಬರ್ ಡಬ್ಬಿ ಸೇರಿ 20. ಕ್ಯಾಮೆರಾಗಳ ರೆಕಾರ್ಡರ್, ಅವಕ್ಕೆ ವಿದ್ಯುತ್ ಕೊಡುವ ಇನ್ನೊಂದು ಸ್ವಿಚ್ ಸೇರಿ 65. ಒಟ್ಟು 180 ವಾಟ್. ಒಳಗೆ ಹೋದ ವಿದ್ಯುತ್ತು ಬಹುಪಾಲು ಅಲ್ಲೇ ಶಾಖವಾಗುತ್ತದೆ. ಹಳೆಯ ಕಾಲದ 60 ವಾಟಿನ ಮೂರು ಬಲ್ಬುಗಳನ್ನು ಬೀರುವಿನೊಳಗೆ ಉರಿಸಿ, ಬಾಗಿಲು ಹಾಕಿ, ಹಗಲೂ ರಾತ್ರಿ ಬಿಟ್ಟರೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತಿತ್ತು.

ಬಿಸಿಗಾಳಿ ಮೇಲೇರುತ್ತದೆ. ಆದ್ದರಿಂದ ಕಪಾಟಿನ ತಳದಿಂದ ತಣ್ಣನೆಯ ಗಾಳಿ ಬರಬೇಕು, ನೆತ್ತಿಯ ಫ್ಯಾನು ಬಿಸಿಯನ್ನು ಹೊರಹಾಕಬೇಕು. ಈ ಕಪಾಟಿನ ನೆತ್ತಿಯಲ್ಲಿ ಫ್ಯಾನೇನೋ ಇತ್ತು. ಒಂದು ಊದಿನಕಡ್ಡಿ ಹಚ್ಚಿ ಅದರ ಮೇಲೆ ಹಿಡಿದೆವು. ಹೊಗೆ ಮೇಲಕ್ಕೆ ಚಿಮ್ಮುವ ಬದಲು ಒಳಕ್ಕೆ ಇಳಿಯಿತು. ಫ್ಯಾನನ್ನು ತಲೆಕೆಳಗಾಗಿ ಕೂರಿಸಿದ್ದರು! ಮೇಲೇರಿದ ಬಿಸಿಯನ್ನೇ ಅದು ಮತ್ತೆ ಕೆಳಕ್ಕೆ, ಬ್ಯಾಟರಿಯ ಮೇಲಕ್ಕೆ ತಳ್ಳುತ್ತಿತ್ತು. ತಳದ ಕಿಂಡಿಗಳಂತೂ ಸುರುಳಿ ಸುತ್ತಿಟ್ಟ ಕೇಬಲ್ಲುಗಳಿಂದ ಮುಚ್ಚಿಹೋಗಿದ್ದವು.

ಎಷ್ಟು ಗಾಳಿ ಬೇಕು ಎಂಬುದಕ್ಕೂ ಸರಳ ಲೆಕ್ಕವಿದೆ. ವಾಟನ್ನು ಮೂರರಿಂದ ಗುಣಿಸಿ, ಕೋಣೆಗಿಂತ ಎಷ್ಟು ಡಿಗ್ರಿ ಹೆಚ್ಚಾದರೆ ಪರವಾಗಿಲ್ಲವೋ ಅದರಿಂದ ಭಾಗಿಸಿದರೆ, ಗಂಟೆಗೆ ಎಷ್ಟು ಘನಮೀಟರ್ ಗಾಳಿ ಎಂದು ಸಿಗುತ್ತದೆ. 180 ವಾಟ್, ಐದು ಡಿಗ್ರಿ: ಗಂಟೆಗೆ 108 ಘನಮೀಟರ್. ಫ್ಯಾನಿನ ಡಬ್ಬಿಯ ಮೇಲೆ ಬರೆಯುವ ಸಿಎಫ್‌ಎಂ ಲೆಕ್ಕದಲ್ಲಿ ಇದು ಸುಮಾರು 63. ಅಂಗಡಿಯಲ್ಲಿ ಸಿಗುವ 120 ಮಿಲಿಮೀಟರಿನ ಫ್ಯಾನಿನ ಮೇಲೆ 80 ಎಂದಿರಬಹುದು. ಆದರೆ ಅದು ಬಯಲಿನಲ್ಲಿ ತಿರುಗುವಾಗಿನ ಮಾತು. ಜಾಲರಿ, ಕೇಬಲ್, ದೂಳುಗಳ ನಡುವೆ ಅರ್ಧ ಸಿಕ್ಕರೆ ಹೆಚ್ಚು. ಹಾಗಾಗಿ ಎರಡು ಫ್ಯಾನು ಬೇಕಾಯಿತು. ಹಳೆಯದನ್ನು ಸರಿಯಾಗಿ ಮಗುಚಿ ಕೂರಿಸಿ, ಪಕ್ಕದಲ್ಲಿ ಇನ್ನೊಂದನ್ನು ಹಾಕಿ, ತಳದ ಕಿಂಡಿ ಬಿಡಿಸಿದೆವು. ಇಷ್ಟೂ ಮಾಡಿದರೂ ಫ್ಯಾನು ಕೋಣೆಗಿಂತ ತಣ್ಣಗೆ ಮಾಡಲಾರದು. ಕೋಣೆಯೇ 36 ಇದ್ದರೆ ಒಳಗೆ 41. ಯುಪಿಎಸ್ ಕಪಾಟಿನೊಳಗೇ ಇರಬೇಕೆಂಬ ನಿಯಮವೇನೂ ಇಲ್ಲವಲ್ಲ. ಅದನ್ನು ಹೊರಗೆ ತೆಗೆದು, ನೆಲದಿಂದ ಒಂದು ಗೇಣು ಎತ್ತರದ ಸ್ಟ್ಯಾಂಡಿನ ಮೇಲೆ ಕಪಾಟಿನ ಕೆಳಗಿಟ್ಟೆವು. ಕೋಣೆಯಲ್ಲೇ ತಂಪಾದ ಜಾಗ ಅದು.

ಇನ್ನು ಆ "ಅರ್ಧ ಗಂಟೆ"ಯ ವಿಷಯ. ಯುಪಿಎಸ್‌ನ ಮೇಲೆ 1 ಕೆವಿಎ ಎಂದಿತ್ತು, ಸಣ್ಣ ಅಕ್ಷರದಲ್ಲಿ 600 ವಾಟ್ ಎಂದೂ ಇತ್ತು. ಅದು ಎಷ್ಟು ಹೊರೆ ಹೊರಬಲ್ಲದು ಎಂಬ ಮಾತೇ ಹೊರತು ಎಷ್ಟು ಹೊತ್ತು ಎಂಬುದಲ್ಲ. ಹೊತ್ತನ್ನು ಹೇಳುವುದು ಬ್ಯಾಟರಿ. ಒಳಗೆ 12 ವೋಲ್ಟ್, 7 ಆಂಪಿಯರ್-ಅವರ್‌ನ ಎರಡು ಬ್ಯಾಟರಿಗಳು. ಗುಣಿಸಿದರೆ ಕಾಗದದ ಮೇಲೆ 168 ವಾಟ್-ಗಂಟೆ. ಆ 7 ಎಂಬುದು ಇಪ್ಪತ್ತು ಗಂಟೆ ನಿಧಾನವಾಗಿ ಹಿಂಡಿದರೆ ಸಿಗುವ ಅಂಕಿ. ಅರ್ಧ ಗಂಟೆಯೊಳಗೆ ಹಿಂಡಿದರೆ ಹೆಚ್ಚುಕಡಿಮೆ ಅರ್ಧವಷ್ಟೇ ಕೈಗೆ ಬರುತ್ತದೆ, 84. ಅದನ್ನು ಎಸಿ ವಿದ್ಯುತ್ತಾಗಿ ಮಾರ್ಪಡಿಸುವಾಗ ಇನ್ನಷ್ಟು ಸೋರಿ ಉಳಿಯುವುದು 70. 180 ವಾಟಿನ ಹೊರೆಗೆ 70 ವಾಟ್-ಗಂಟೆ ಎಂದರೆ 23 ನಿಮಿಷ. ಹೊಸ ಬ್ಯಾಟರಿಯಲ್ಲೂ ಅಷ್ಟೇ.

ಆ 23 ನಿಮಿಷವನ್ನು ಕೆಲಸ ಮುಂದುವರಿಸಲು ಬಳಸಬಾರದು. ಅದು ಸರ್ವರನ್ನು ಸರಿಯಾಗಿ ಮುಚ್ಚಲು ಸಿಗುವ ಹೊತ್ತು. ಆದ್ದರಿಂದ ಲೆಕ್ಕವನ್ನು ಕೊನೆಯಿಂದ ಹಿಂದಕ್ಕೆ ಹಾಕಬೇಕು. ಗಡಿಯಾರ ಹಿಡಿದು ನೋಡಿದೆವು. ಸರ್ವರ್ ತನ್ನೊಳಗಿನ ಲೆಕ್ಕದ ವಿಂಡೋಸ್ ಯಂತ್ರವನ್ನು ಮುಚ್ಚಿ ತಾನೂ ಆರಲು ಐದು ನಿಮಿಷ ತೆಗೆದುಕೊಂಡಿತು. ನ್ಯಾಸ್‌ಗೆ ಎರಡು ನಿಮಿಷ. ಸರ್ವರ್ ಬರೆಯುತ್ತಿರುವುದು ನ್ಯಾಸ್‌ನ ಮೇಲೆ, ಆದ್ದರಿಂದ ಸರ್ವರ್ ಮೊದಲು ಆರಬೇಕು, ನ್ಯಾಸ್ ಆಮೇಲೆ. ಚಿಕ್ಕಪುಟ್ಟ ಕರೆಂಟ್ ಕಣ್ಣುಮುಚ್ಚಾಲೆಗೆಲ್ಲ ಮುಚ್ಚುವುದು ಬೇಡ ಎಂದು ಮೊದಲ ಮೂರು ನಿಮಿಷ ಕಾಯಬೇಕು. ಮೂರನೇ ನಿಮಿಷಕ್ಕೆ ಸರ್ವರ್ ಶುರು, ಎಂಟಕ್ಕೆ ಮುಗಿತು. ತಡವಾದರೂ ಇರಲಿ ಎಂದು ನಾಲ್ಕು ನಿಮಿಷ ಬಿಟ್ಟು, ಹನ್ನೆರಡಕ್ಕೆ ನ್ಯಾಸ್. ಹದಿನಾಲ್ಕಕ್ಕೆ ಎಲ್ಲ ಶಾಂತ.

ಬೇಕಾದದ್ದು 14, ಇರುವುದು 23. ಸಾಕಲ್ಲ ಎನಿಸುತ್ತದೆ. ಆದರೆ ಬ್ಯಾಟರಿ ಹಳೆಯದಾಗಿ ಅರ್ಧಕ್ಕಿಳಿದ ದಿನ 23 ಎಂಬುದು ಹನ್ನೊಂದೂವರೆ. ನಾನು ಯಾವಾಗಲೂ ಆ ದಿನವನ್ನು ನೆನೆದೇ ಲೆಕ್ಕ ಹಾಕುತ್ತೇನೆ. ದೊಡ್ಡ ಯುಪಿಎಸ್ ಕೊಳ್ಳಬಹುದಿತ್ತು. ಅದಕ್ಕಿಂತ ಹೊರೆ ಇಳಿಸುವುದು ಸುಲಭವಾಯಿತು. ಕ್ಯಾಮೆರಾ ರೆಕಾರ್ಡರನ್ನೂ ಅದರ ಸ್ವಿಚ್ಚನ್ನೂ ಕಪಾಟಿನಿಂದಲೇ ತೆಗೆದು ಕಚೇರಿಯ ಇನ್ವರ್ಟರ್ ಲೈನಿಗೆ ಹಾಕಿದೆವು. ಉಳಿದದ್ದು 115 ವಾಟ್. ನಿಧಾನವಾಗಿ ಹಿಂಡಿದಾಗ ಬ್ಯಾಟರಿ ಹೆಚ್ಚು ಕೊಡುವುದರಿಂದ ಹೊಸ ಬ್ಯಾಟರಿಯಲ್ಲಿ ಸುಮಾರು 40 ನಿಮಿಷ. ಅದು ಅರ್ಧಕ್ಕಿಳಿದರೂ 20. ಕಪಾಟಿನ ಬಿಸಿಯೂ ಮೂರನೇ ಒಂದು ಪಾಲು ತಗ್ಗಿತು.

ಯುಪಿಎಸ್‌ನ ಹಿಂಬದಿಯ ಖಾಲಿ ಸಾಕೆಟ್ಟಿನಿಂದ ಒಂದು ಎಕ್ಸ್‌ಟೆನ್ಷನ್ ಬೋರ್ಡು ಹೊರಟಿತ್ತು. ಅದರ ತುದಿಯಲ್ಲಿ ಲೇಸರ್ ಪ್ರಿಂಟರ್. ಇದನ್ನು ಕಂಡಕಂಡ ಕಚೇರಿಗಳಲ್ಲೆಲ್ಲ ನೋಡುತ್ತೇನೆ, ಪ್ರತಿಸಲವೂ ಎದೆ ಧಸಕ್ಕೆನ್ನುತ್ತದೆ. ಪುಡಿಯನ್ನು ಕಾಗದಕ್ಕೆ ಅಂಟಿಸುವ ಅದರ ಹೀಟರು ಕಾಯುವಾಗ ಒಮ್ಮೆಗೆ 800 ವಾಟ್ ಎಳೆದರೂ ಆಶ್ಚರ್ಯವಿಲ್ಲ. ಕರೆಂಟ್ ಇಲ್ಲದಾಗ ಯಾರಾದರೂ ಒಂದು ಪ್ರಿಂಟ್ ಕೊಟ್ಟರೆ 600 ವಾಟಿನ ಯುಪಿಎಸ್ ಹೊರೆ ತಾಳದೆ ಆ ಕ್ಷಣವೇ ಎಲ್ಲವನ್ನೂ ಆರಿಸಿಬಿಡುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿದರೂ, ಕರೆಂಟ್ ಹೋಗಿದೆ ಎಂದು ಸರ್ವರಿಗೆ ಯಾರು ಹೇಳಬೇಕು? ಯುಪಿಎಸ್ ಜೊತೆ ಬಂದಿದ್ದ ಯುಎಸ್‌ಬಿ ಕೇಬಲ್ ಡಬ್ಬಿಯಲ್ಲಿ ಪ್ಲಾಸ್ಟಿಕ್ ಕೂಡ ಬಿಚ್ಚದೆ ಮಲಗಿತ್ತು. ಅದನ್ನು ನ್ಯಾಸ್‌ಗೆ ಸಿಕ್ಕಿಸಿದೆವು, ಕೊನೆಗೆ ಆರುವುದು ಅದೇ ಆದ್ದರಿಂದ. ನ್ಯಾಸ್‌ನಲ್ಲಿ ಎನ್‌ಯುಟಿ ಎಂಬ ಉಚಿತ ತಂತ್ರಾಂಶ ಯುಪಿಎಸ್‌ನ ಸ್ಥಿತಿಯನ್ನು ಓದಿ ನೆಟ್‌ವರ್ಕಿನ ಮೂಲಕ ಸರ್ವರಿಗೆ ತಿಳಿಸುತ್ತದೆ. `OL` ಎಂದರೆ ಲೈನ್ ಇದೆ, `OB` ಎಂದರೆ ಬ್ಯಾಟರಿಯ ಮೇಲಿದೆ, `LB` ಎಂದರೆ ಬ್ಯಾಟರಿ ಮುಗಿಯುತ್ತಿದೆ. ಈ ಸುದ್ದಿ ಹರಿಯುವುದು ನೆಟ್‌ವರ್ಕ್ ಸ್ವಿಚ್ಚಿನ ಮೂಲಕ, ಹಾಗಾಗಿ ಅದೂ ಯುಪಿಎಸ್ ಮೇಲೆಯೇ ಇರಬೇಕು. ಸರ್ವರಿನ `upssched.conf` ಕಡತದಲ್ಲಿ ಆ ಮೂರು ನಿಮಿಷದ ಕಾಯುವಿಕೆ ಎರಡೇ ಸಾಲು:

```
AT ONBATT * START-TIMER serveroff 180
AT ONLINE * CANCEL-TIMER serveroff
```

ಬ್ಯಾಟರಿಗೆ ಇಳಿದೊಡನೆ 180 ಸೆಕೆಂಡಿನ ಎಣಿಕೆ ಶುರು. ಅಷ್ಟರಲ್ಲಿ ಕರೆಂಟ್ ಬಂದರೆ ಎಣಿಕೆ ರದ್ದು. ಬಾರದಿದ್ದರೆ ನಾವು ಬರೆದಿಟ್ಟ ಪುಟ್ಟ ಸ್ಕ್ರಿಪ್ಟು ಸರ್ವರನ್ನು ಮುಚ್ಚುತ್ತದೆ.

ಮುಚ್ಚುವುದಕ್ಕಿಂತ ಮತ್ತೆ ಎಬ್ಬಿಸುವುದೇ ನಮ್ಮನ್ನು ಹೆಚ್ಚು ಕಾಡಿತು. ಸರ್ವರಿನ ಬಯಾಸ್‌ನಲ್ಲಿ `Restore on AC Power Loss` ಎಂಬ ಆಯ್ಕೆಯನ್ನು `Power On` ಎಂದಿಟ್ಟರೆ ಕರೆಂಟ್ ಬಂದಾಗ ತಾನೇ ಏಳುತ್ತದೆ. ಆದರೆ ಒಂಬತ್ತನೇ ನಿಮಿಷಕ್ಕೆ ಕರೆಂಟ್ ಬಂದರೆ? ಸರ್ವರ್ ಆಗಲೇ ಮಲಗಿದೆ, ಯುಪಿಎಸ್ ಮಾತ್ರ ಒಂದು ಕ್ಷಣವೂ ವಿದ್ಯುತ್ ನಿಲ್ಲಿಸಿಲ್ಲ. ಹೋದದ್ದೇ ಗೊತ್ತಿಲ್ಲದ ಸರ್ವರಿಗೆ ಬಂದದ್ದು ಹೇಗೆ ಗೊತ್ತಾಗಬೇಕು? ಮರುದಿನದವರೆಗೂ ಮಲಗಿಯೇ ಇರುತ್ತದೆ. ಅದಕ್ಕೆ ಎಚ್ಚರವಾಗಿರುವ ನ್ಯಾಸ್‌ನಿಂದಲೇ ನೆಟ್‌ವರ್ಕಿನ ಮೂಲಕ ಎಬ್ಬಿಸುವ ಸಂಕೇತ ಕಳಿಸುವಂತೆ ಮಾಡಿದೆವು. ಆಳಕ್ಕೆ ಇಳಿದ ಬ್ಯಾಟರಿ ಪೂರ್ತಿ ತುಂಬಲು ಆರೆಂಟು ಗಂಟೆ ಬೇಕು. ಕರೆಂಟ್ ಬಂದ ತಕ್ಷಣ ಎಬ್ಬಿಸಿ, ಹತ್ತು ನಿಮಿಷಕ್ಕೆ ಅದು ಮತ್ತೆ ಹೋದರೆ, ಎರಡನೇ ಸಲ ಮುಚ್ಚಲು ಶಕ್ತಿಯೇ ಉಳಿದಿರುವುದಿಲ್ಲ. ಆದ್ದರಿಂದ `battery.charge` ಎಂಬ ಅಂಕಿ 60 ದಾಟುವ ತನಕ ಸಂಕೇತ ಹೋಗುವುದಿಲ್ಲ. ಕ್ಯಾಮೆರಾದ ಹೊರೆ ಇಳಿದಿರುವುದರಿಂದ ಅರ್ಧದಲ್ಲೇ ಬಂದ ಕರೆಂಟಿಗೆ ಈ ಕಾಯುವಿಕೆ ಬಹುಮಟ್ಟಿಗೆ ಇರುವುದೇ ಇಲ್ಲ.

ಈಗ ತಿಂಗಳ ಮೊದಲ ಶನಿವಾರ ಸಂಜೆ, ಎಲ್ಲರ ಕೆಲಸ ಮುಗಿದ ಮೇಲೆ, ಆ ಹಿರಿಯ ಗುಮಾಸ್ತರೇ ಯುಪಿಎಸ್‌ನ ಗೋಡೆ ಸ್ವಿಚ್ಚನ್ನು ಆರಿಸುತ್ತಾರೆ. ಪ್ಲಗ್ ಕೀಳುವುದಿಲ್ಲ. ಕಿತ್ತರೆ ಅರ್ತಿಂಗ್ ಕೂಡ ತಪ್ಪುತ್ತದೆ, ಸ್ವಿಚ್ಚಾದರೆ ಫೇಸ್ ಮಾತ್ರ ಕಡಿಯುತ್ತದೆ. ಸರ್ವರ್ ಆರಿದ ಹೊತ್ತು, ನ್ಯಾಸ್ ಆರಿದ ಹೊತ್ತು, ಆಗ ಬ್ಯಾಟರಿಯಲ್ಲಿ ಉಳಿದದ್ದು ಎಷ್ಟು, ಥರ್ಮಾಮೀಟರಿನಲ್ಲಿ ತಿಂಗಳ ಅತಿ ಹೆಚ್ಚಿನ ಬಿಸಿ ಎಷ್ಟು, ಇವನ್ನು ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿದ ಕಾರ್ಡಿನಲ್ಲಿ ಬರೆಯುತ್ತಾರೆ. ನ್ಯಾಸ್ ಆರುವ ಹೊತ್ತಿಗೆ ಉಳಿಕೆ 30ಕ್ಕಿಂತ ಕೆಳಗಿಳಿದ ತಿಂಗಳು ಹೊಸ ಬ್ಯಾಟರಿ ತರಿಸುವುದೆಂದು ಮಾತಾಗಿದೆ. ಕಳೆದ ಸಲ ಫೋನ್ ಮಾಡಿದಾಗ ಅವರು ಕಾರ್ಡು ನೋಡಿ ಓದಿದರು: ಸರ್ವರ್ 8 ನಿಮಿಷ, ನ್ಯಾಸ್ 14, ಉಳಿಕೆ 58, ಬಿಸಿ 37.